ಕೊಡುವವನಿಗೇ ಗೊತ್ತಿಲ್ಲದ ಕೊಡುಗೆ

ಕಳೆದ ಶ್ರಾವಣದಲ್ಲಿ ಒಂದು ರಾತ್ರಿ ಧಾರವಾಡದಿಂದ ಕಾಕಾನ ಮಗ ಫೋನ್ ಮಾಡಿದ. ಅವನಿಗೆ ಒಂಬತ್ತು ವರ್ಷದಿಂದ ಅಲ್ಸರೇಟಿವ್ ಕೊಲೈಟಿಸ್ ಇದೆ. ದೊಡ್ಡ ಕರುಳಿನ ಒಳಪದರ ಉರಿದು ಹುಣ್ಣಾಗಿ, ದಿನಕ್ಕೆ ಎಂಟು ಹತ್ತು ಸಲ ರಕ್ತ ಬೆರೆತ ಭೇದಿಯಾಗುವ ಕಾಯಿಲೆ. ಮಾತ್ರೆ, ಸ್ಟೀರಾಯ್ಡು, ಪಥ್ಯ, ಹರಕೆ ಎಲ್ಲವೂ ಆಗಿವೆ. ಆ ರಾತ್ರಿ ಅವನ ದನಿಯಲ್ಲಿ ಹೊಸ ಹುರುಪಿತ್ತು.

"ಅಣ್ಣಾ, ಆರೋಗ್ಯ ಇದ್ದವರ ಮಲ ತೊಗೊಂಡು ರೋಗಿ ಕರುಳಿಗೆ ಹಾಕ್ತಾರಂತ. ವಿಡಿಯೋ ನೋಡೀನಿ. ಮನ್ಯಾಗನ ಮಾಡ್ಕೋಬಹುದಂತ, ಒಂದು ಬ್ಯಾರೆ ಮಿಕ್ಸಿ ಬೇಕಷ್ಟ. ನೀನ ಕೊಟ್ಟರ ಹೆಂಗ? ನಿನಗ ಬಿಪಿ ಇಲ್ಲ, ಶುಗರ್ ಇಲ್ಲ."

ನಾನು ನಕ್ಕೆ. ಅವನು ನಗಲಿಲ್ಲ. ರಕ್ತ ಕೇಳಿದ್ದರೆ ಮರುದಿನವೇ ಪುಣೆಯಿಂದ ಬಸ್ಸು ಹತ್ತುತ್ತಿದ್ದೆ. ಇದನ್ನು ಕೇಳಿದಾಗ ಮೊದಲು ಬಂದದ್ದು ಹೇಸಿಗೆ. ಅದು ಐದು ನಿಮಿಷದಲ್ಲಿ ಹೋಯಿತು. ಆಮೇಲೆ ಬಂದ ಪ್ರಶ್ನೆ ಮಾತ್ರ ವಾರಗಟ್ಟಲೆ ಉಳಿಯಿತು: ಒಳಗೆ ಏನಿದೆ ಎಂದು ನನಗೇ ಗೊತ್ತಿಲ್ಲದ ಒಂದು ವಸ್ತುವನ್ನು, ಬೇಡುತ್ತಿರುವವನು ನನ್ನ ತಮ್ಮನೇ ಆಗಿದ್ದರೂ, ಕೊಡುವ ಹಕ್ಕು ನನಗಿದೆಯೇ?

ಚಿಕಿತ್ಸೆಯಂತೂ ಸುಳ್ಳಲ್ಲ. ಅದರ ಪೂರ್ಣ ಹೆಸರು ಫೀಕಲ್ ಮೈಕ್ರೋಬಯೋಟಾ ಟ್ರಾನ್ಸ್‌ಪ್ಲಾಂಟೇಶನ್, ಚಿಕ್ಕದಾಗಿ ಎಫ್‌ಎಂಟಿ. ಕನ್ನಡದಲ್ಲಿ ಕರುಳಿನ ಸೂಕ್ಷ್ಮಜೀವಿಗಳ ಕಸಿ ಎನ್ನಬಹುದು. ಇದು ಗಟ್ಟಿಯಾಗಿ ನಿಂತಿರುವುದು ಒಂದೇ ಒಂದು ಕಾಯಿಲೆಯ ಮೇಲೆ. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೀಲ್ ಎಂಬ ಬ್ಯಾಕ್ಟೀರಿಯಾದಿಂದ ಮತ್ತೆ ಮತ್ತೆ ಮರುಕಳಿಸುವ ಸೋಂಕು ಅದು. ವೈದ್ಯರು ಈ ಬ್ಯಾಕ್ಟೀರಿಯಾವನ್ನು ಸಿ. ಡಿಫ್ ಎನ್ನುತ್ತಾರೆ.

ಆ ಸೋಂಕಿನ ಬಗೆ ವಿಚಿತ್ರ. ಯಾವುದೋ ಬೇರೆ ಕಾರಣಕ್ಕೆ ಆಂಟಿಬಯಾಟಿಕ್ ತೆಗೆದುಕೊಂಡಾಗ ಕರುಳಿನಲ್ಲಿ ನೆಲೆಸಿದ್ದ ನೂರಾರು ಬಗೆಯ ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ಬೆಳೆ ಇಲ್ಲದ ಹೊಲದಲ್ಲಿ ಕಸ ಏಳುವಂತೆ, ಖಾಲಿಯಾದ ಜಾಗದಲ್ಲಿ ಸಿ. ಡಿಫ್ ಹಬ್ಬುತ್ತದೆ. ಅದು ಬಿಡುವ ವಿಷದಿಂದ ಕರುಳು ಉರಿದು ವಿಪರೀತ ಭೇದಿಯಾಗುತ್ತದೆ. ವ್ಯಾಂಕೋಮೈಸಿನ್ ಕೊಟ್ಟರೆ ಬೆಳೆಯುತ್ತಿರುವ ಬ್ಯಾಕ್ಟೀರಿಯಾ ಸಾಯುತ್ತದೆ, ಆದರೆ ಅದರ ಬೀಜಾಣುಗಳು ಸಾಯುವುದಿಲ್ಲ. ವ್ಯಾಂಕೋಮೈಸಿನ್ನೂ ಆಂಟಿಬಯಾಟಿಕ್ಕೇ ಆದ್ದರಿಂದ ಮಿಕ್ಕ ಬ್ಯಾಕ್ಟೀರಿಯಾಗಳು ಚೇತರಿಸಿಕೊಳ್ಳಲು ಬಿಡುವುದಿಲ್ಲ. ಔಷಧಿ ನಿಲ್ಲಿಸಿದ ಕೆಲವು ವಾರಗಳಲ್ಲಿ ಬೀಜಾಣುಗಳು ಮತ್ತೆ ಮೊಳೆಯುತ್ತವೆ. ಇಲ್ಲಿ ಬೇಕಿರುವುದು ಇನ್ನಷ್ಟು ಕೊಲ್ಲುವ ಔಷಧಿಯಲ್ಲ, ಖಾಲಿಯಾದ ಜಾಗವನ್ನು ತುಂಬುವ ನೆರೆಹೊರೆ. ಆರೋಗ್ಯವಂತರ ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ಪಿತ್ತರಸದ ಆಮ್ಲಗಳನ್ನು ಬೇರೆ ರೂಪಕ್ಕೆ ಮಾರ್ಪಡಿಸುತ್ತವೆ, ಆ ರೂಪ ಸಿ. ಡಿಫ್ ಬೆಳೆಯದಂತೆ ತಡೆಯುತ್ತದೆ. ಕಸಿ ಮಾಡಿದಾಗ ಈ ಕೆಲಸವೂ ಮತ್ತೆ ಶುರುವಾಗುತ್ತದೆ.

1958ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಬೆನ್ ಐಸ್‌ಮನ್ ಎಂಬ ಶಸ್ತ್ರವೈದ್ಯರು ಮತ್ತು ಅವರ ಸಹೋದ್ಯೋಗಿಗಳು ಆಂಟಿಬಯಾಟಿಕ್‌ನಿಂದ ಕರುಳು ಕೆಟ್ಟಿದ್ದ ನಾಲ್ಕು ರೋಗಿಗಳಿಗೆ ಮಲದ ಎನಿಮಾ ಕೊಟ್ಟು ಗುಣಪಡಿಸಿದ್ದನ್ನು ವರದಿ ಮಾಡಿದರು. ಅದಕ್ಕೆ ಸರಿಯಾದ ಪರೀಕ್ಷೆ ಆಗಿದ್ದು 2013ರಲ್ಲಿ, ನೆದರ್ಲೆಂಡ್ಸ್‌ನಲ್ಲಿ. ದಾನಿಯ ಮಲದ ದ್ರಾವಣವನ್ನು ಮೂಗಿನ ಮೂಲಕ ಇಳಿಸಿದ ನಳಿಕೆಯಿಂದ ಸಣ್ಣ ಕರುಳಿಗೆ ಬಿಟ್ಟ 16 ಜನರಲ್ಲಿ 13 ಜನ ಒಂದೇ ಸಲಕ್ಕೆ ಗುಣವಾದರು. ಉಳಿದ ಮೂವರಿಗೆ ಬೇರೆ ದಾನಿಯಿಂದ ಮತ್ತೊಮ್ಮೆ ಕೊಟ್ಟಾಗ ಇನ್ನಿಬ್ಬರು ಗುಣವಾದರು. ವ್ಯಾಂಕೋಮೈಸಿನ್ ಮಾತ್ರ ಪಡೆದ 13 ಜನರಲ್ಲಿ ಗುಣವಾದವರು ನಾಲ್ಕೇ ಜನ. ವ್ಯತ್ಯಾಸ ಎಷ್ಟು ದೊಡ್ಡದಾಗಿತ್ತೆಂದರೆ ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು.

ಇಂಥ ಫಲಿತಾಂಶವನ್ನೂ ಕಣ್ಣುಮುಚ್ಚಿ ಓದಬಾರದು ಎನ್ನುವುದಕ್ಕೆ 2016ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗವಿದೆ. ಅಲ್ಲಿ ಯಾರಿಗೆ ದಾನಿಯ ಮಲ, ಯಾರಿಗೆ ಅವರದೇ ಮಲ ಎಂಬುದು ರೋಗಿಗೂ ಗೊತ್ತಿರಲಿಲ್ಲ, ವೈದ್ಯರಿಗೂ ಗೊತ್ತಿರಲಿಲ್ಲ. ದಾನಿಯದನ್ನು ಪಡೆದ 22 ಜನರಲ್ಲಿ 20 ಜನ ಗುಣವಾದರು. ಆದರೆ ತಮ್ಮದನ್ನೇ ವಾಪಸು ಪಡೆದ 24 ಜನರಲ್ಲೂ 15 ಜನ ಗುಣವಾದರು. ದಾನಿಯ ಮಲ ಕೆಲಸ ಮಾಡುತ್ತದೆ ಎನ್ನುವುದು ಇಲ್ಲೂ ನಿಂತಿತು. ಆದರೆ "ನನಗೆ ಕೊಟ್ಟರು, ನನಗೆ ವಾಸಿಯಾಯಿತು" ಎಂದು ವಿಡಿಯೋದಲ್ಲಿ ಒಬ್ಬರು ಹೇಳಿದರೆ ಅದರಲ್ಲಿ ಎಷ್ಟು ಪಾಲು ಕಸಿಯದು, ಎಷ್ಟು ಪಾಲು ಅದಕ್ಕೆ ಮೊದಲು ಕೊಟ್ಟ ಔಷಧಿಯದು, ಎಷ್ಟು ಪಾಲು ತಾನೇ ತಾನಾಗಿ ಆದದ್ದು ಎಂದು ಆ ಒಬ್ಬರಿಂದ ತಿಳಿಯುವುದಿಲ್ಲ.

ತಮ್ಮನಿಗೆ ಇರುವುದು ಸಿ. ಡಿಫ್ ಅಲ್ಲ. ಆ ವಿಷಯಕ್ಕೆ ಮತ್ತೆ ಬರುತ್ತೇನೆ. ಅದಕ್ಕೂ ಮೊದಲು, ಅವನ ಮಾತಿಗೆ ಬೆಲೆ ಕೊಟ್ಟು, ನಾನು ದಾನಿಯಾಗಬಲ್ಲೆನೇ ಎಂದು ನೋಡಿಕೊಂಡೆ. ಒಂದು ಭಾನುವಾರ ಬೆಳಿಗ್ಗೆ ದಾನಿಗಳ ಆಯ್ಕೆಗೆ ವೈದ್ಯರು ಬಳಸುವ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಕೂತೆ.

ಮೊದಲ ಹಂತ ರಕ್ತವೂ ಅಲ್ಲ, ಮಲವೂ ಅಲ್ಲ, ಬರೀ ಪ್ರಶ್ನೆಗಳು. ಕಳೆದ ಮೂರು ತಿಂಗಳಲ್ಲಿ ಆಂಟಿಬಯಾಟಿಕ್ ತೆಗೆದುಕೊಂಡಿದ್ದೀರಾ? ಆರು ವಾರದ ಹಿಂದೆ ಹಲ್ಲಿನ ಬೇರಿನ ಚಿಕಿತ್ಸೆಗೆ ಐದು ದಿನ ತೆಗೆದುಕೊಂಡಿದ್ದೆ. ಅಲ್ಲಿಗೆ ಮೊದಲ ಪ್ರಶ್ನೆಯಲ್ಲೇ ನಾನು ಹೊರಗೆ. ಆದರೂ ಮುಂದುವರಿದೆ. ಅಲರ್ಜಿ, ಆಸ್ತಮಾ ಇದೆಯೇ? ಪುಣೆಗೆ ಬಂದ ಮೇಲೆ ಪ್ರತಿ ಚಳಿಗಾಲದಲ್ಲೂ ಸೀನು, ಮೂಗು ಸೋರುವುದು. ಮನೆತನದಲ್ಲಿ ಕರುಳಿನ ಕ್ಯಾನ್ಸರ್ ಇತ್ತೇ? ಅಜ್ಜ ಹೊಟ್ಟೆನೋವಿನಿಂದ ತೀರಿಕೊಂಡರು ಎನ್ನುತ್ತಾರೆ, ಏನು ಕಾಯಿಲೆ ಎಂದು ಆಗ ಯಾರೂ ನೋಡಿರಲಿಲ್ಲ. ಇತ್ತೀಚೆಗೆ ಆಸ್ಪತ್ರೆಯಲ್ಲಿ ಇದ್ದಿರಾ, ಅಲ್ಲಿ ಕೆಲಸ ಮಾಡುತ್ತೀರಾ? ಕೆಲಸವಿಲ್ಲ, ಆದರೆ ಅಪ್ಪನ ಆಪರೇಷನ್ನಿಗೆಂದು ಹನ್ನೊಂದು ರಾತ್ರಿ ವಾರ್ಡಿನ ಬೆಂಚಿನ ಮೇಲೆ ಮಲಗಿದ್ದೆ. ಹಚ್ಚೆ, ಚುಚ್ಚಿಕೊಳ್ಳುವ ಮಾದಕವಸ್ತು, ಲೈಂಗಿಕ ಸಂಪರ್ಕ, ತೂಕ, ಮಲಬದ್ಧತೆ, ಖಿನ್ನತೆಯ ಔಷಧಿ, ಹೀಗೆ ಪಟ್ಟಿ ಸಾಗುತ್ತದೆ. ಬಿಪಿ ಇಲ್ಲ, ಶುಗರ್ ಇಲ್ಲ ಎಂಬ ತಮ್ಮನ ಪ್ರಮಾಣಪತ್ರ ಈ ಪಟ್ಟಿಯ ಮುಂದೆ ಏನೂ ಅಲ್ಲ.

ಇದನ್ನು ದಾಟಿದವರಿಗೆ ರಕ್ತಪರೀಕ್ಷೆ: ಎಚ್‌ಐವಿ, ಹೆಪಟೈಟಿಸ್‌ನ ಮೂರು ಬಗೆಗಳು, ಸಿಫಿಲಿಸ್, ಯಕೃತ್ತಿನ ಸ್ಥಿತಿ. ಆಮೇಲೆ ಮಲಪರೀಕ್ಷೆ: ಸಿ. ಡಿಫ್, ಸಾಲ್ಮೊನೆಲ್ಲಾ, ಶಿಗೆಲ್ಲಾ, ಜಿಯಾರ್ಡಿಯಾ, ಹುಳುಗಳ ಮೊಟ್ಟೆ, ನೊರೊವೈರಸ್. ಎಲ್ಲಕ್ಕಿಂತ ಕಷ್ಟದ್ದು ಹಲವು ಔಷಧಿಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳ ಹುಡುಕಾಟ. ಇವು ಆರೋಗ್ಯವಂತನ ಕರುಳಿನಲ್ಲಿ ಯಾವ ತೊಂದರೆಯನ್ನೂ ಕೊಡದೆ ಸುಮ್ಮನೆ ಇರುತ್ತವೆ, ಇದೆ ಎಂಬ ಸುಳಿವೂ ಅವನಿಗೆ ಇರುವುದಿಲ್ಲ. ನಮ್ಮ ದೇಶದಲ್ಲಿ ಇಂಥ ಬ್ಯಾಕ್ಟೀರಿಯಾಗಳನ್ನು ಹೊತ್ತು ತಿರುಗುವ ಆರೋಗ್ಯವಂತರು ಬಹಳ.

ಇಷ್ಟಾದರೂ ಮುಗಿಯುವುದಿಲ್ಲ. ಇಂದು ತೆಗೆದ ರಕ್ತದಲ್ಲಿ ನಿನ್ನೆ ತಗುಲಿದ ಸೋಂಕು ಕಾಣದೆ ಹೋಗಬಹುದು. ಆದ್ದರಿಂದ ಮಲದ ಬ್ಯಾಂಕುಗಳಲ್ಲಿ ದಾನಿಯನ್ನು ಕೆಲವು ವಾರಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸುತ್ತಾರೆ. ನಡುವೆ ಸಂಗ್ರಹಿಸಿದ್ದನ್ನು ಮೈನಸ್ 80 ಡಿಗ್ರಿಯಲ್ಲಿ ತಡೆದಿಟ್ಟು, ಎರಡನೆಯ ಪರೀಕ್ಷೆಯಲ್ಲೂ ಪಾಸಾದ ಮೇಲೆಯೇ ಬಿಡುಗಡೆ ಮಾಡುತ್ತಾರೆ. ಅಮೆರಿಕದ ಓಪನ್‌ಬಯೋಮ್ ಎಂಬ ಬ್ಯಾಂಕಿಗೆ ದಾನಿಯಾಗಲು ಬಂದವರಲ್ಲಿ ಆಯ್ಕೆಯಾದವರು ನೂರಕ್ಕೆ ಮೂರಕ್ಕಿಂತ ಕಡಿಮೆ.

ಇಷ್ಟೆಲ್ಲ ಜರಡಿ ಹಿಡಿದ ಮೇಲೂ ತಪ್ಪುವುದು ಹೇಗೆ ಎಂದು ತಿಳಿಯಲು ಬಾಸ್ಟನ್‌ನಲ್ಲಿ ನಡೆದದ್ದನ್ನು ನೋಡಬೇಕು. ಅಲ್ಲಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ವೈದ್ಯರೇ 2019ರಲ್ಲಿ ಅದನ್ನು ಬಿಚ್ಚಿಟ್ಟು ಪ್ರಕಟಿಸಿದರು.

ಅವರು ದಾನಿಯ ಮಲವನ್ನು ಸೋಸಿ, ಹೆಪ್ಪುಗಟ್ಟಿಸಿ, ಕ್ಯಾಪ್ಸೂಲ್ ಮಾಡಿ ಇಡುತ್ತಿದ್ದರು. ಒಬ್ಬ ದಾನಿಯ ಕ್ಯಾಪ್ಸೂಲುಗಳು ತಯಾರಾದದ್ದು 2018ರ ನವೆಂಬರ್‌ನಲ್ಲಿ. ಆ ದಾನಿ ಆಗ ಇದ್ದ ಎಲ್ಲ ಪರೀಕ್ಷೆಗಳಲ್ಲೂ ಪಾಸಾಗಿದ್ದ. 2019ರ ಜನವರಿಯಲ್ಲಿ ದಾನಿಗಳ ಪರೀಕ್ಷೆಯ ಪಟ್ಟಿಗೆ ಹೊಸದೊಂದು ಸೇರಿತು: ಇಎಸ್‌ಬಿಎಲ್ ಎಂಬ ಕಿಣ್ವದ ಬಲದಿಂದ ಅನೇಕ ಆಂಟಿಬಯಾಟಿಕ್‌ಗಳನ್ನು ಮುರಿದುಹಾಕುವ ಬ್ಯಾಕ್ಟೀರಿಯಾ ಇದೆಯೇ ಎಂಬ ಪರೀಕ್ಷೆ. ಮುಂದೆ ಬರುವ ಮಲಕ್ಕೆ ಆ ಪರೀಕ್ಷೆ ಆಯಿತು. ಫ್ರೀಜರಿನಲ್ಲಿ ಆಗಲೇ ಇದ್ದ ಹಳೆಯ ಕ್ಯಾಪ್ಸೂಲುಗಳನ್ನು ಮತ್ತೆ ಪರೀಕ್ಷಿಸಲೂ ಇಲ್ಲ, ಎಸೆಯಲೂ ಇಲ್ಲ.

ಆ ಹಳೆಯ ಕ್ಯಾಪ್ಸೂಲುಗಳು ಇಬ್ಬರು ವೃದ್ಧರಿಗೆ ಹೋದವು. ಒಬ್ಬರಿಗೆ ಯಕೃತ್ತು ಸೋತು ಮಿದುಳಿಗೆ ಮಂಕು ಕವಿಯುತ್ತಿತ್ತು. ಇನ್ನೊಬ್ಬರಿಗೆ ರಕ್ತ ಉತ್ಪತ್ತಿಯ ಕಾಯಿಲೆ, ಅವರ ಅಸ್ಥಿಮಜ್ಜೆಯ ಕಸಿ ನಡೆಯುವುದರಲ್ಲಿತ್ತು. ಇಬ್ಬರೂ ಬೇರೆ ಬೇರೆ ಪ್ರಯೋಗಗಳಲ್ಲಿ ಒಪ್ಪಿಗೆ ಕೊಟ್ಟು ಸೇರಿದವರು. ಇಬ್ಬರ ರಕ್ತಕ್ಕೂ ಇಎಸ್‌ಬಿಎಲ್ ಇರುವ ಇ. ಕೋಲೈ ಸೇರಿತು. ಮೊದಲನೆಯವರು ಚಿಕಿತ್ಸೆಯಿಂದ ಬದುಕಿದರು, ಎರಡನೆಯವರು ತೀರಿಕೊಂಡರು. ರೋಗಿಗಳ ರಕ್ತದಲ್ಲಿ ಸಿಕ್ಕ ಬ್ಯಾಕ್ಟೀರಿಯಾವನ್ನೂ ಉಳಿದಿದ್ದ ಕ್ಯಾಪ್ಸೂಲಿನಲ್ಲಿ ಸಿಕ್ಕಿದ್ದನ್ನೂ ವಂಶವಾಹಿಯ ಮಟ್ಟದಲ್ಲಿ ಹೋಲಿಸಿದಾಗ ಎರಡೂ ಒಂದೇ ಎಂದು ತಿಳಿಯಿತು. 2019ರ ಜೂನ್‌ನಲ್ಲಿ ಅಮೆರಿಕದ ಎಫ್‌ಡಿಎ ಎಚ್ಚರಿಕೆ ಹೊರಡಿಸಿ, ಇಂಥ ಬ್ಯಾಕ್ಟೀರಿಯಾಗಳ ಪರೀಕ್ಷೆಯಾಗದ ಮಲವನ್ನು ಬಳಸಬಾರದು ಎಂದಿತು.

ಸಾಫ್ಟ್‌ವೇರಿನಲ್ಲಿ ಇಪ್ಪತ್ತು ವರ್ಷ ಕಳೆದವನಿಗೆ ಆ ಫ್ರೀಜರು ಅಪರಿಚಿತವಲ್ಲ. ಹೊಸ ಟೆಸ್ಟ್ ಸೇರಿಸುತ್ತೇವೆ, ನಾಳೆಯ ಬಿಲ್ಡ್‌ಗೆ ಅದನ್ನು ಓಡಿಸುತ್ತೇವೆ, ನಿನ್ನೆ ಗ್ರಾಹಕರಿಗೆ ಕೊಟ್ಟದ್ದು ಆಗ ಪಾಸಾಗಿತ್ತಲ್ಲ ಎಂದು ಸುಮ್ಮನಾಗುತ್ತೇವೆ. ನನ್ನ ಕೈಯಲ್ಲೂ ಹೀಗಾಗಿದೆ, ಆಗ ಕೆಟ್ಟದ್ದು ಒಂದು ರಿಪೋರ್ಟು ಮಾತ್ರ. ಆದ್ದರಿಂದ ಆ ವೈದ್ಯರತ್ತ ಬೆರಳು ತೋರಿಸಲು ನನ್ನ ಕೈ ಏಳುವುದಿಲ್ಲ. ಆದರೆ ಅವರು ಬಿಚ್ಚಿಟ್ಟದ್ದರಿಂದ ಒಂದು ವಿಷಯ ನನಗೆ ಸ್ಪಷ್ಟವಾಯಿತು. ಗೊತ್ತಿಲ್ಲದೆ ಮಾಡಿದ್ದಕ್ಕೆ ಕ್ಷಮೆ ಇದೆ. ಗೊತ್ತಾದ ಕ್ಷಣದಿಂದ ಹೊಣೆ ಮುಂದಕ್ಕೆ ಮಾತ್ರ ಅಲ್ಲ, ಹಿಂದಕ್ಕೂ ಚಾಚುತ್ತದೆ. ಜನವರಿಯಲ್ಲಿ ಹೊಸ ಪರೀಕ್ಷೆ ಬೇಕೆಂದು ಒಪ್ಪಿದ ಮೇಲೆ ನವೆಂಬರಿನ ಕ್ಯಾಪ್ಸೂಲು "ಪಾಸಾದದ್ದು" ಆಗಿ ಉಳಿಯಲಿಲ್ಲ, "ಪರೀಕ್ಷೆಯಾಗದ್ದು" ಆಯಿತು. ಅದರೊಳಗೆ ಏನೂ ಬದಲಾಗಿರಲಿಲ್ಲ. ಬದಲಾದದ್ದು ನಮ್ಮ ತಿಳಿವಳಿಕೆ ಮಾತ್ರ, ಆದರೆ ಹೊಣೆ ಬದಲಾಗಲು ಅಷ್ಟು ಸಾಕು.

ಇನ್ನೊಂದು ವಿಷಯವೂ ಇದೆ, ಅದೇ ನನ್ನನ್ನು ತಮ್ಮನ ಕಡೆಗೆ ತಿರುಗಿಸಿದ್ದು. ಆ ಇಬ್ಬರೂ ಸಿ. ಡಿಫ್ ರೋಗಿಗಳಾಗಿರಲಿಲ್ಲ. ಐದಾರು ಸಲ ಸಿ. ಡಿಫ್ ಮರುಕಳಿಸಿ ಸೊರಗಿದವರಿಗೆ ಕ್ಯಾಪ್ಸೂಲು ಕೊಡುವಾಗ ತಕ್ಕಡಿಯ ಒಂದು ತಟ್ಟೆಯಲ್ಲಿ ಸಣ್ಣ ಅಪಾಯ, ಇನ್ನೊಂದರಲ್ಲಿ ಗೊತ್ತಿರುವ ದೊಡ್ಡ ಲಾಭ. ಈ ಇಬ್ಬರ ವಿಷಯದಲ್ಲಿ ಲಾಭದ ತಟ್ಟೆಯಲ್ಲಿ ಇದ್ದದ್ದು ಒಂದು ಪ್ರಶ್ನೆ ಮಾತ್ರ. ಸೋಂಕನ್ನು ತಡೆಯುವ ಶಕ್ತಿ ಕುಂದಿದ್ದರಿಂದ ಅಪಾಯದ ತಟ್ಟೆಯೂ ಭಾರವಾಗಿತ್ತು. ಅದೇ ಕ್ಯಾಪ್ಸೂಲು, ಆದರೆ ಅದನ್ನು ಒಬ್ಬರಿಗೆ ಕೊಡುವುದೂ ಇನ್ನೊಬ್ಬರಿಗೆ ಕೊಡುವುದೂ ಒಂದೇ ಕೆಲಸವಲ್ಲ. ಎಷ್ಟು ಅಪಾಯ ಒಪ್ಪಬಹುದು ಎನ್ನುವುದನ್ನು ದಾನಿಯ ಪರೀಕ್ಷೆಯೊಂದೇ ತೀರ್ಮಾನಿಸಲಾರದು. ಲಾಭದ ಬಗ್ಗೆ ನಮಗೆ ಎಷ್ಟು ಗೊತ್ತಿದೆ ಎನ್ನುವುದೂ ಸೇರಿ ತೀರ್ಮಾನಿಸುತ್ತದೆ.

ಹಾಗಾದರೆ ಅಲ್ಸರೇಟಿವ್ ಕೊಲೈಟಿಸ್ ಬಗ್ಗೆ ಎಷ್ಟು ಗೊತ್ತಿದೆ? ಏನೂ ಇಲ್ಲ ಎನ್ನುವಂತಿಲ್ಲ. 2015ರಲ್ಲಿ ಪ್ರಕಟವಾದ ಕೆನಡಾದ ಪ್ರಯೋಗದಲ್ಲಿ ವಾರಕ್ಕೊಂದರಂತೆ ಆರು ವಾರ ಎನಿಮಾ ಕೊಟ್ಟರು. ದಾನಿಯ ಮಲ ಪಡೆದ 38 ಜನರಲ್ಲಿ 9 ಜನರ ಕಾಯಿಲೆ ಶಮನವಾಯಿತು, ಬರೀ ನೀರಿನ ಎನಿಮಾ ಪಡೆದ 37 ಜನರಲ್ಲಿ ಇಬ್ಬರದು. ಸಿ. ಡಿಫ್‌ನಲ್ಲಿ ಹತ್ತರಲ್ಲಿ ಎಂಟೊಂಬತ್ತು ಜನರಿಗೆ ಆದದ್ದು ಇಲ್ಲಿ ನಾಲ್ಕರಲ್ಲಿ ಒಬ್ಬರಿಗೆ. ಇನ್ನೂ ಕುತೂಹಲದ ಸಂಗತಿ, ಆ 9 ಜನರಲ್ಲಿ 7 ಜನ ಪಡೆದದ್ದು ಒಬ್ಬನೇ ದಾನಿಯದು. ಅವನಲ್ಲಿ ಏನಿತ್ತು? ಅದಕ್ಕೆ ಉತ್ತರ ಸಿಕ್ಕಿಲ್ಲ. ಆರೋಗ್ಯವಂತ ಯಾರಾದರೂ ಸರಿ ಎಂಬ ಲೆಕ್ಕ ಈ ಕಾಯಿಲೆಯಲ್ಲಿ ನಡೆಯಲಿಕ್ಕಿಲ್ಲ ಎಂಬ ಅನುಮಾನವನ್ನಂತೂ ಆ ಪ್ರಯೋಗ ಹುಟ್ಟಿಸಿತು. ಅದೇ ವರ್ಷ ನೆದರ್ಲೆಂಡ್ಸ್‌ನ ಪ್ರಯೋಗ, ಮೇಲಿನಿಂದ ನಳಿಕೆಯಲ್ಲಿ ಕೊಟ್ಟು, ನೆಚ್ಚಬಹುದಾದ ವ್ಯತ್ಯಾಸ ಕಾಣಲಿಲ್ಲ ಎಂದಿತು. ಆಮೇಲೆ ಆಸ್ಟ್ರೇಲಿಯಾದ ಪ್ರಯೋಗಗಳು ಹಲವು ದಾನಿಗಳದನ್ನು ಬೆರೆಸಿ ಕೊಟ್ಟು ಲಾಭ ಕಂಡವು. ನಮ್ಮಲ್ಲೂ ಲುಧಿಯಾನದ ದಯಾನಂದ ವೈದ್ಯಕೀಯ ಕಾಲೇಜಿನವರು, ಶಮನವಾದ ಕಾಯಿಲೆ ಮರಳದಂತೆ ತಡೆಯಲು ಇದನ್ನು ಪರೀಕ್ಷಿಸಿದರು. ಕಸಿ ಪಡೆದವರಲ್ಲಿ 87 ಶೇಕಡಾ, ಪಡೆಯದವರಲ್ಲಿ 67 ಶೇಕಡಾ ಜನರ ಕಾಯಿಲೆ ತಹಬಂದಿಯಲ್ಲೇ ಉಳಿಯಿತು. ಆದರೆ ಜನರ ಸಂಖ್ಯೆ ಚಿಕ್ಕದಾದ್ದರಿಂದ ಈ ಅಂತರ ಆಕಸ್ಮಿಕವಲ್ಲ ಎಂದು ಹೇಳಲು ಆಗಲಿಲ್ಲ.

ಎಷ್ಟು ಕೊಡಬೇಕು, ಎಷ್ಟು ಸಲ, ಯಾವ ದಾರಿಯಲ್ಲಿ, ಒಬ್ಬ ದಾನಿಯದೋ ಹಲವರದೋ, ವರ್ಷದ ನಂತರ ಏನಾಗುತ್ತದೆ, ಇವೆಲ್ಲ ಒಂದೊಂದು ಪ್ರಯೋಗದಲ್ಲಿ ಒಂದೊಂದು ರೀತಿ. ಅದಕ್ಕೇ 2024ರಲ್ಲಿ ಅಮೆರಿಕದ ಜಠರ ಮತ್ತು ಕರುಳಿನ ತಜ್ಞರ ಸಂಘ, ಮರುಕಳಿಸುವ ಸಿ. ಡಿಫ್‌ಗೆ ಇದನ್ನು ಬಳಸಬಹುದು ಎಂದೂ, ಅಲ್ಸರೇಟಿವ್ ಕೊಲೈಟಿಸ್‌ಗೆ ಪ್ರಯೋಗದ ಹೊರಗೆ ಬೇಡ ಎಂದೂ ಸಲಹೆ ಕೊಟ್ಟಿತು. ಎಫ್‌ಡಿಎ 2022 ಮತ್ತು 2023ರಲ್ಲಿ ಒಪ್ಪಿಗೆ ಕೊಟ್ಟ ಎರಡು ಸಿದ್ಧ ಉತ್ಪನ್ನಗಳೂ ಸಿ. ಡಿಫ್ ಮರುಕಳಿಸದಂತೆ ತಡೆಯಲು ಮಾತ್ರ.

ಎರಡನೆಯ ಸಲ ಮಾತಾಡುವಾಗ ತಮ್ಮನಿಗೆ ಇದಿಷ್ಟನ್ನೂ ಹೇಳಿದೆ. ಅವನ ಉತ್ತರ ಸಿದ್ಧವಿತ್ತು. "ನನ್ನ ಮೈ, ನನ್ನ ರಿಸ್ಕು. ನಾನ ಬರದು ಕೊಡ್ತೀನಿ. ನಿನಗೇನಾತು?"

ಇದು ತೆಗೆದುಹಾಕುವ ಮಾತಲ್ಲ. ಒಂಬತ್ತು ವರ್ಷ ಆ ನೋವನ್ನು ಉಂಡವನು ಅವನು. ಊಟಕ್ಕೆ ಕೂರುವ ಮೊದಲು ಶೌಚಾಲಯ ಎಲ್ಲಿದೆ ಎಂದು ನೋಡಿಕೊಳ್ಳುವ ಬದುಕು ಅವನದು. ಪುಣೆಯ ಮನೆಯಲ್ಲಿ ಕೂತು ಪುರಾವೆಯ ಪಾಠ ಹೇಳುವುದು ನನಗೆ ಸುಲಭ. ಆದರೆ ಒಪ್ಪಿಗೆ ಎನ್ನುವುದು ಗೊತ್ತಿರುವುದಕ್ಕೆ ಕೊಡುವಂಥದು. ಬಾಸ್ಟನ್ನಿನ ಆ ಇಬ್ಬರೂ ಸಹಿ ಹಾಕಿದ್ದರು. ಅವರ ಸಹಿ ಪ್ರಯೋಗದ ಅನಿಶ್ಚಯಕ್ಕೆ ಆಗಿತ್ತೇ ಹೊರತು, ಫ್ರೀಜರಿನಲ್ಲಿ ಪರೀಕ್ಷೆಯಾಗದೆ ಉಳಿದ ಡಬ್ಬಿಗೆ ಅಲ್ಲ. ತಮ್ಮ ತನ್ನ ಪಾಲಿನ ಅಪಾಯವನ್ನು ಒಪ್ಪಬಹುದು. ನನ್ನ ಕರುಳಿನ ಬಗ್ಗೆ ನನಗಿರುವ ಅಜ್ಞಾನವನ್ನು ಅವನು ಒಪ್ಪಿಗೆಯಿಂದ ತೊಳೆದುಹಾಕಲಾರ. ಅದನ್ನು ನೀಗಿಸುವುದು ಕೊಡುವವನ ಕೆಲಸ. ಅದಕ್ಕೆ ಪರೀಕ್ಷೆ ಬೇಕು, ಪ್ರಯೋಗಾಲಯ ಬೇಕು, ಎರಡು ತಿಂಗಳು ಕಾಯಬೇಕು. ಇವು ಯಾವುದೂ ಮಿಕ್ಸಿಯ ಜೊತೆ ಬರುವುದಿಲ್ಲ. ಅವನು ಆಗಾಗ ಸ್ಟೀರಾಯ್ಡ್ ತೆಗೆದುಕೊಳ್ಳುವವನು, ರೋಗನಿರೋಧ ತಗ್ಗಿಸುವ ಇನ್ನೊಂದು ಮಾತ್ರೆಯೂ ನಡೆದಿದೆ. ಆಸ್ಪತ್ರೆಯ ಬೆಂಚಿನಿಂದ ನಾನು ಹೊತ್ತು ತಂದಿರಬಹುದಾದ ಬ್ಯಾಕ್ಟೀರಿಯಾ ನನಗೆ ಏನೂ ಮಾಡದಿರಬಹುದು. ಅವನ ಉರಿದ ಕರುಳನ್ನು ದಾಟಿ ರಕ್ತಕ್ಕೆ ಇಳಿದರೆ ತಡೆಯಲು ಅವನ ಮೈಯಲ್ಲಿ ಅಷ್ಟು ಬಲ ಇಲ್ಲ. ಸೋಂಕಿನ ವಿಷಯದಲ್ಲಿ ಅವನು ವಿಡಿಯೋದಲ್ಲಿ ವಾಸಿಯಾದವನಿಗಿಂತ ಬಾಸ್ಟನ್ನಿನ ಆ ಇಬ್ಬರಿಗೆ ಹತ್ತಿರ.

ಹಾಗೆಂದು ಬಾಗಿಲು ಮುಚ್ಚಿ ಕೂರುವುದೂ ಸರಿಯಲ್ಲ. ಪ್ರಯೋಗಗಳಲ್ಲಿ ಯಾರೂ ಸೇರದಿದ್ದರೆ ಅವನ ಪ್ರಶ್ನೆಗೆ ಎಂದೂ ಉತ್ತರ ಸಿಗುವುದಿಲ್ಲ. ಬಾಸ್ಟನ್ನಿನಲ್ಲಿ ತಪ್ಪಾದದ್ದು ಪ್ರಯೋಗ ಮಾಡಿದ್ದರಲ್ಲಲ್ಲ. ಪ್ರಯೋಗವಾಗಿದ್ದರಿಂದಲೇ ತಪ್ಪು ಪತ್ತೆಯಾಯಿತು, ಉಳಿದ ಕ್ಯಾಪ್ಸೂಲು ಇತ್ತು, ಹೋಲಿಸಿ ನೋಡಲು ಆಯಿತು, ಬೇರೆಯವರನ್ನು ಎಚ್ಚರಿಸಲು ಆಯಿತು. ಬಚ್ಚಲುಮನೆಯಲ್ಲಿ ಮಾಡಿಕೊಂಡು ಜ್ವರ ಬಂದರೆ ಅದು ಎಲ್ಲಿಂದ ಬಂತೆಂದು ಯಾರೂ ಹುಡುಕುವುದಿಲ್ಲ.

ಅವನಿಗೆ ಕೊನೆಗೆ ಹೇಳಿದ್ದು ಮೂರು ಮಾತು. ನಾನು ಕೊಡುವುದಿಲ್ಲ. ಹೇಸಿಗೆಯಿಂದಲ್ಲ, ನನ್ನಲ್ಲಿ ಏನಿದೆ ಎಂದು ನನಗೆ ಗೊತ್ತಿಲ್ಲದ್ದರಿಂದ. ನಿನ್ನ ಡಾಕ್ಟರಿಗೆ ಈ ವಿಷಯ ಮುಚ್ಚಿಡಬೇಡ, ಮರೆಯದೆ ಕೇಳು, ಈ ಸಲದ ಭೇದಿಗೆ ಸಿ. ಡಿಫ್ ಕೂಡ ಸೇರಿದೆಯೇ ಎಂದು ಪರೀಕ್ಷೆ ಮಾಡಿಸು, ಕೊಲೈಟಿಸ್ ಇದ್ದವರಿಗೆ ಅದು ಸೇರುವುದುಂಟು. ಮತ್ತು ದಾನಿಗಳನ್ನು ಸರಿಯಾಗಿ ಪರೀಕ್ಷಿಸುವ ನೋಂದಾಯಿತ ಪ್ರಯೋಗ ಎಲ್ಲಾದರೂ ನಡೆಯುತ್ತಿದ್ದು, ಅಲ್ಲಿ ನಿನ್ನನ್ನು ತೆಗೆದುಕೊಂಡರೆ, ಎಷ್ಟೇ ದೂರವಿರಲಿ ನಿನ್ನ ಜೊತೆ ನಾನು ಬರುತ್ತೇನೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, "ಅಲ್ಲಿ ಹೋದ ಮ್ಯಾಲೆ ನನಗ ಬರೇ ನೀರಿಂದ ಕೊಟ್ರ?"

ಕೆನಡಾದಲ್ಲಿ 37 ಜನರಿಗೆ ಕೊಟ್ಟದ್ದು ಅದನ್ನೇ. ಆ 37 ಜನ ಇಲ್ಲದಿದ್ದರೆ ಉಳಿದ 38 ಜನರ ಫಲಿತಾಂಶಕ್ಕೆ ಅರ್ಥ ಇರುತ್ತಿರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅವನಿಗೆ ಅಂದು ಎಂಟನೆಯ ಸಲ ಎದ್ದು ಹೋಗಬೇಕಿತ್ತು. ಫೋನ್ ಇಟ್ಟ. ಅದಕ್ಕೆ ನಾನಿನ್ನೂ ಅವನಿಗೆ ಉತ್ತರ ಕೊಡಬೇಕಾಗಿದೆ.